ಪ್ಲೇ ಸ್ಟೋರ್‌ನಿಂದ ಆ್ಯಪ್ ತೆಗೆಯುವುದು ಹೇಗೆ? ಈಗಾಗಲೇ ಬಳಸುತ್ತಿರುವವರ ಕಥೆ ಏನು?

ಮನೆ ಮನೆಗೆ ಹಾಲು ಹಾಕುವವರಿಗಾಗಿ ನಾನೊಂದು ಆ್ಯಪ್ ಮಾಡಿದ್ದೆ. ಯಾವ ಮನೆಗೆ ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಯಾರು ಊರಿಗೆ ಹೋಗಿದ್ದಾರೆ, ತಿಂಗಳ ಕೊನೆಗೆ ಯಾರಿಂದ ಎಷ್ಟು ದುಡ್ಡು ಬರಬೇಕು. ಅದರ ಕೆಲಸ ಇಷ್ಟೇ. ಕೆಲವು ವರ್ಷ ನಡೆಸಿದೆ. ಆಮೇಲೆ ಅದನ್ನು ನೋಡಿಕೊಳ್ಳಲು ನನ್ನಿಂದ ಆಗಲಿಲ್ಲ, ಸ್ಟೋರ್‌ನಿಂದ ತೆಗೆಯಲು ನಿರ್ಧರಿಸಿದೆ.

ಅದಕ್ಕೂ ಮುಂಚೆ ಬೇರೊಂದು ಚಿಕ್ಕ ಆ್ಯಪ್ ತೆಗೆದಿದ್ದೆ. ಆಗ ಒಂದೇ ದಿನದಲ್ಲಿ ಸ್ಟೋರ್‌ನಿಂದಲೂ ತೆಗೆದು ಸರ್ವರ್ ಕೂಡ ನಿಲ್ಲಿಸಿಬಿಟ್ಟೆ. ಸ್ಟೋರ್‌ನಲ್ಲಿ ಇಲ್ಲ ಅಂದ ಮೇಲೆ ಯಾರ ಹತ್ತಿರವೂ ಇರುವುದಿಲ್ಲ ಎಂದು ತಿಳಿದಿದ್ದೆ. ಮರುದಿನದಿಂದ ಮೇಲ್ ಬರಲು ಶುರುವಾಯಿತು: "ತೆರೆದರೆ ಸುತ್ತುತ್ತಲೇ ಇದೆ ಸಾರ್, ನನ್ನ ಲೆಕ್ಕ ಎಲ್ಲಾ ಅದರಲ್ಲೇ ಇದೆ." ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಆ ತಪ್ಪು ನನ್ನದೇ. ಹಾಲಿನ ಆ್ಯಪ್ ಸರದಿ ಬಂದಾಗ ಅದು ಮತ್ತೆ ಆಗಬಾರದು ಅಂತ ಒಂದೊಂದೇ ಹೆಜ್ಜೆ ಇಟ್ಟೆ. ಆ ಹೆಜ್ಜೆಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ಗೂಗಲ್ ಪ್ಲೇ ಸ್ಟೋರ್ ಬಗ್ಗೆ. ಆಪಲ್ ಬಗ್ಗೆ ಕೊನೆಯ ಕಡೆ ಎರಡು ಮಾತು ಇದೆ.

ಆ ಗುಂಡಿ ನಿಜವಾಗಿ ಏನು ಮಾಡುತ್ತದೆ

ಪ್ಲೇ ಕನ್ಸೋಲ್‌ನಲ್ಲಿ `Unpublish` ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಆಗುವುದು ಒಂದೇ: ಹೊಸಬರಿಗೆ ಆ್ಯಪ್ ಕಾಣಿಸುವುದಿಲ್ಲ. ಹುಡುಕಿದರೆ ಸಿಗುವುದಿಲ್ಲ, ಲಿಂಕ್ ಒತ್ತಿದರೂ ತೆರೆಯುವುದಿಲ್ಲ. ಅಂಗಡಿಯ ಮುಂಬಾಗಿಲು ಎಳೆದ ಹಾಗೆ. ಒಳಗಿರುವ ಗಿರಾಕಿಗಳು ಒಳಗೇ ಇರುತ್ತಾರೆ.

ಈಗಾಗಲೇ ಹಾಕಿಕೊಂಡವರ ಫೋನಿನಿಂದ ಆ್ಯಪ್ ಮಾಯವಾಗುವುದಿಲ್ಲ. ಅದು ಎಂದಿನ ಹಾಗೆ ತೆರೆಯುತ್ತದೆ. ನೀವು ಮುಂದೆ ಅಪ್‌ಡೇಟ್ ಬಿಟ್ಟರೆ ಅವರಿಗೆ ಅದೂ ಸಿಗುತ್ತದೆ. ಅಳಿಸಿ ಮತ್ತೆ ಹಾಕಿಕೊಳ್ಳಬೇಕು ಅಂದರೆ, ಅದೇ ಗೂಗಲ್ ಖಾತೆಯಲ್ಲಿದ್ದರೆ ಪ್ಲೇ ಸ್ಟೋರ್‌ನ ಅವರ ಹಳೆಯ ಆ್ಯಪ್‌ಗಳ ಪಟ್ಟಿಯಿಂದ ಹಾಕಿಕೊಳ್ಳಬಹುದು. ರೇಟಿಂಗ್, ವಿಮರ್ಶೆ, ಅಂಕಿಅಂಶ ಯಾವುದೂ ಅಳಿಯುವುದಿಲ್ಲ. ಮನಸ್ಸು ಬದಲಾದರೆ ಅದೇ ಜಾಗದಲ್ಲಿ ಮತ್ತೆ ಪ್ರಕಟಿಸಬಹುದು.

ಗೂಗಲ್ ತಾನಾಗಿ ನಿಯಮ ಉಲ್ಲಂಘನೆಗೆ ಆ್ಯಪ್ ತೆಗೆದುಹಾಕುವುದು ಅಥವಾ ಅಮಾನತು ಮಾಡುವುದು ಬೇರೆಯೇ ವಿಷಯ. ಅಲ್ಲಿ ಪರಿಣಾಮ ಕಠಿಣ. ಇದು ನೀವೇ ಇಷ್ಟಪಟ್ಟು ಮುಚ್ಚುವುದು.

ಆ್ಯಪನ್ನು ಪೂರ್ತಿ ಅಳಿಸಬಹುದಾ ಅಂತ ಹಲವರು ಕೇಳುತ್ತಾರೆ. ಒಮ್ಮೆ ಜನ ಹಾಕಿಕೊಂಡು ಬಳಸಿದ ಆ್ಯಪನ್ನು ಕನ್ಸೋಲ್‌ನಿಂದ ಸುಮ್ನೆ ಅಳಿಸಲು ಆಗುವುದಿಲ್ಲ. ಪಟ್ಟಿಯಲ್ಲಿ ಅದು ಹಾಗೇ ಉಳಿಯುತ್ತದೆ. ಅದರ ಪ್ಯಾಕೇಜ್ ಹೆಸರು, ಅಂದರೆ `com.` ಅಂತ ಶುರುವಾಗುವ ಆ ಗುರುತು, ಬೇರೆ ಆ್ಯಪ್‌ಗೆ ಮತ್ತೆ ಬಳಸಲು ಸಿಗುವುದಿಲ್ಲ.

ಹಾಗಾದರೆ ಬಳಕೆದಾರರಿಗೆ ತೊಂದರೆ ಎಲ್ಲಿಂದ ಬರುತ್ತದೆ? ಸ್ಟೋರ್‌ನಿಂದ ಅಲ್ಲ. ನಿಮ್ಮ ಸರ್ವರ್‌ನಿಂದ, ಅವರು ಕಟ್ಟುತ್ತಿರುವ ಚಂದಾದಿಂದ, ಅವರ ಫೋನಿನಲ್ಲೇ ಸಿಕ್ಕಿಹಾಕಿಕೊಂಡ ಮಾಹಿತಿಯಿಂದ. ಹಾಗಾಗಿ ಆ ಗುಂಡಿ ಒತ್ತುವುದು ಕೊನೆಯ ಕಡೆಯ ಕೆಲಸ. ಅದಕ್ಕೆ ಮುಂಚೆ ಮಾಡುವುದೇ ಜಾಸ್ತಿ ಇದೆ.

ಮೊದಲು: ದುಡ್ಡು ತೆಗೆದುಕೊಳ್ಳುವುದನ್ನು ನಿಲ್ಲಿಸಿ

ನನ್ನ ಆ್ಯಪ್‌ನಲ್ಲಿ ಲೆಕ್ಕ ಬರೆಯುವುದು ಉಚಿತ. ಫೋನ್ ಕಳೆದುಹೋದರೂ ಲೆಕ್ಕ ಉಳಿಯುವ ಹಾಗೆ ಸರ್ವರ್‌ನಲ್ಲಿ ಪ್ರತಿ ಇಟ್ಟುಕೊಳ್ಳಲು ವರ್ಷಕ್ಕೆ 499 ರೂಪಾಯಿ ಚಂದಾ. ನಿಲ್ಲಿಸುವ ಹೊತ್ತಿಗೆ ಚಂದಾದಾರರು 37 ಜನ ಇದ್ದರು.

ಇಲ್ಲಿ ಒಂದು ವಿಷಯ ಚೆನ್ನಾಗಿ ತಿಳಿದಿರಬೇಕು. ಆ್ಯಪನ್ನು ಸ್ಟೋರ್‌ನಿಂದ ತೆಗೆದರೆ ಚಂದಾ ತಾನಾಗಿ ರದ್ದಾಗುವುದಿಲ್ಲ. ನವೀಕರಣದ ದಿನ ಬಂದಾಗ ಅವರ ಖಾತೆಯಿಂದ ದುಡ್ಡು ಮತ್ತೆ ಕಡಿತವಾಗುತ್ತದೆ. ಬಳಕೆದಾರರಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ: ಫೋನಿನಿಂದ ಆ್ಯಪ್ ಅಳಿಸಿದರೆ ಚಂದಾ ನಿಂತಿತು ಅಂದುಕೊಳ್ಳುತ್ತಾರೆ. ಅದೂ ನಿಲ್ಲುವುದಿಲ್ಲ. ಇಲ್ಲದ ಆ್ಯಪ್‌ಗೆ ದುಡ್ಡು ಹೋಗುತ್ತಲೇ ಇರುತ್ತದೆ.

ಮೊದಲ ಕೆಲಸ ಹೊಸ ಚಂದಾ ಮುಚ್ಚುವುದು. ಕನ್ಸೋಲ್‌ನಲ್ಲಿ ಚಂದಾಗಳ ಪುಟಕ್ಕೆ ಹೋಗಿ, `Subscriptions` ಅಂತ ಇರುತ್ತದೆ. ನಿಮ್ಮ ಚಂದಾ ತೆರೆದು, ಅದರ ಒಳಗಿನ `Base plan` ಅನ್ನು `Deactivate` ಮಾಡಿ. ಇದರಿಂದ ಹೊಸಬರು ಕೊಳ್ಳಲು ಆಗುವುದಿಲ್ಲ. ಆದರೆ ಈಗಿರುವವರ ನವೀಕರಣ ಮುಂದುವರಿಯುತ್ತದೆ. ಎಷ್ಟೋ ಜನ ಇಲ್ಲೇ ಕೆಲಸ ಮುಗಿಯಿತು ಅಂದುಕೊಂಡು ನಿಲ್ಲಿಸುತ್ತಾರೆ. ಅರ್ಧ ಮಾತ್ರ ಮುಗಿದಿರುತ್ತದೆ.

ಎರಡನೆಯ ಕೆಲಸ ಈಗಿರುವ ಒಬ್ಬೊಬ್ಬರ ಚಂದಾ ರದ್ದು ಮಾಡುವುದು. ಜನ ಕಡಿಮೆ ಇದ್ದರೆ ಕನ್ಸೋಲ್‌ನ `Order management` ಪುಟದಲ್ಲಿ ಒಂದೊಂದೇ ಆರ್ಡರ್ ತೆರೆದು ಕೈಯಲ್ಲೇ ಮಾಡಬಹುದು. 37 ಆರ್ಡರ್‌ಗೆ ನನಗೆ ಒಂದು ಮಧ್ಯಾಹ್ನ ಹಿಡಿಯಿತು. ಜನ ಜಾಸ್ತಿ ಇದ್ದರೆ ಗೂಗಲ್ ಪ್ಲೇ ಡೆವಲಪರ್ ಎಪಿಐನಲ್ಲಿ `purchases.subscriptions.cancel` ಇದೆ. ಪ್ರತಿ ಖರೀದಿಯ ಟೋಕನ್ ನಿಮ್ಮ ಸರ್ವರ್‌ನಲ್ಲಿ ಇಟ್ಟುಕೊಂಡಿದ್ದರೆ ಒಂದು ಸಣ್ಣ ಸ್ಕ್ರಿಪ್ಟ್ ಸಾಕು.

ರದ್ದು ಮಾಡಿದ ಕೂಡಲೇ ಸೌಲಭ್ಯ ನಿಲ್ಲುವುದಿಲ್ಲ, ಅದನ್ನು ನೆನಪಿಡಿ. ಅವರು ಕಟ್ಟಿದ ಅವಧಿ ಮುಗಿಯುವವರೆಗೆ ಚಂದಾ ಜೀವಂತ ಇರುತ್ತದೆ, ಮುಂದಿನ ನವೀಕರಣ ಮಾತ್ರ ಇಲ್ಲ. ಅಂದರೆ ಕೊನೆಯ ಚಂದಾದಾರನ ಅವಧಿ ಮುಗಿಯುವವರೆಗೆ ನೀವು ಸರ್ವರ್ ನಡೆಸಬೇಕು. ನನ್ನ ವಿಷಯದಲ್ಲಿ ಒಬ್ಬರು ಹಿಂದಿನ ತಿಂಗಳಷ್ಟೇ ಕಟ್ಟಿದ್ದರು. ಅವರೊಬ್ಬರಿಗಾಗಿ ಹನ್ನೊಂದು ತಿಂಗಳು ಸರ್ವರ್ ಬಾಡಿಗೆ ಕಟ್ಟುವುದಕ್ಕಿಂತ ದುಡ್ಡು ವಾಪಸ್ ಕೊಡುವುದೇ ವಾಸಿ, ಅಲ್ವಾ? ಸರ್ವರ್ ನಿಲ್ಲಿಸುವ ದಿನಾಂಕ ಮೊದಲು ಗೊತ್ತುಮಾಡಿಕೊಂಡೆ. ಅದರ ಆಚೆಗೆ ಯಾರ ಅವಧಿ ಇತ್ತೋ ಅವರಿಗೆಲ್ಲ ಅದೇ `Order management` ಪುಟದಿಂದ ಪೂರ್ತಿ ದುಡ್ಡು ವಾಪಸ್ ಮಾಡಿದೆ. ಬಳಸಿದ ತಿಂಗಳುಗಳ ಲೆಕ್ಕ ಹಾಕಿ ಕಳೆಯಲು ಹೋಗಲಿಲ್ಲ. ಅಂಗಡಿ ಮುಚ್ಚುತ್ತಿರುವುದು ನಾನು, ಅವರಲ್ಲ.

ಆ್ಯಪನ್ನೇ ದುಡ್ಡಿಗೆ ಮಾರಿದ್ದರೆ ಅಥವಾ ಒಂದೇ ಸಲ ಕಟ್ಟಿ ಶಾಶ್ವತವಾಗಿ ಕೊಳ್ಳುವ ಸೌಲಭ್ಯ ಇದ್ದರೆ, ಆ ಸೌಲಭ್ಯ ಸರ್ವರ್ ಇಲ್ಲದೆ ನಡೆಯುವ ಹಾಗೆ ಕೊನೆಯ ಆವೃತ್ತಿಯಲ್ಲಿ ಮಾಡಿಕೊಡಿ.

ಎರಡನೆಯದು: ಬೀಳ್ಕೊಡುವ ಅಪ್‌ಡೇಟ್

ಇದು ಇಡೀ ಕೆಲಸದ ಹೃದಯ. ಆ್ಯಪ್ ತೆಗೆಯುವ ಮುನ್ನ ಒಂದು ಕೊನೆಯ ಆವೃತ್ತಿ ಬಿಡಬೇಕು. ಅದರಲ್ಲಿ ಮೂರು ಗುಣ ಇರಬೇಕು. ಬಳಕೆದಾರರ ಮಾಹಿತಿ ಅವರ ಕೈಗೆ ಸಿಗಬೇಕು, ಸರ್ವರ್ ಇಲ್ಲದಿದ್ದರೂ ಆ್ಯಪ್ ತೆರೆಯಬೇಕು, ಯಾವತ್ತು ಏನು ನಿಲ್ಲುತ್ತದೆ ಅಂತ ಅದರಲ್ಲೇ ಬರೆದಿರಬೇಕು.

ಕೋಡ್ ಮುಟ್ಟುವ ಮುನ್ನ ಒಂದು ಅಡ್ಡಿಯ ಬಗ್ಗೆ ಹೇಳಿಬಿಡುತ್ತೇನೆ. ವರ್ಷಗಳಿಂದ ಮುಟ್ಟದ ಆ್ಯಪ್‌ಗೆ ಸಣ್ಣ ಅಪ್‌ಡೇಟ್ ಹಾಕಲು ಹೋದರೂ ಪ್ಲೇ ಕನ್ಸೋಲ್ ಒಪ್ಪುವುದಿಲ್ಲ. 2025ರ ಆಗಸ್ಟ್ 31ರಿಂದ ಹೊಸ ಆ್ಯಪ್‌ಗಳು ಮತ್ತು ಅಪ್‌ಡೇಟ್‌ಗಳು ಆಂಡ್ರಾಯ್ಡ್ 15ನ್ನು ಗುರಿಯಾಗಿ ಇಟ್ಟುಕೊಂಡಿರಬೇಕು, ಅಂದರೆ `targetSdk` 35 ಇರಬೇಕು. ಪ್ರತಿ ವರ್ಷ ಈ ಗೆರೆ ಒಂದು ಹೆಜ್ಜೆ ಮೇಲೆ ಹೋಗುತ್ತದೆ. ನನ್ನ ಆ್ಯಪ್ 31ರಲ್ಲಿ ನಿಂತಿತ್ತು. ಅದನ್ನು 35ಕ್ಕೆ ತಂದಾಗ ಪರದೆಯ ಕೆಳಗಿದ್ದ "ಉಳಿಸಿ" ಗುಂಡಿ ಫೋನಿನ ನ್ಯಾವಿಗೇಷನ್ ಪಟ್ಟಿಯ ಅಡಿಗೆ ಹೋಗಿ ಕುಳಿತಿತು. ಆಂಡ್ರಾಯ್ಡ್ 15ರಲ್ಲಿ ಆ್ಯಪ್ ಪರದೆಯ ಅಂಚಿನಿಂದ ಅಂಚಿಗೆ ಹರಡುತ್ತದೆ, ಅದರಿಂದ ಹೀಗಾಗುತ್ತದೆ. ವಿದಾಯದ ಅಪ್‌ಡೇಟ್‌ಗೆ ಎರಡು ದಿನ ಸಾಕು ಅಂದುಕೊಂಡಿದ್ದೆ, ಎರಡು ವಾರ ಹಿಡಿಯಿತು. ನೀವೂ ಅಷ್ಟು ಸಮಯ ಇಟ್ಟುಕೊಳ್ಳಿ.

ಈಗ ಮಾಹಿತಿ ಹೊರಗೆ ಕೊಡುವ ವಿಷಯ. ಮೊದಲು ನಾನು ಎಲ್ಲ ಡೆವಲಪರ್‌ಗಳು ಮಾಡುವುದನ್ನೇ ಮಾಡಿದೆ: ಒಂದು ಸಿಎಸ್‌ವಿ ಫೈಲ್. ಅದನ್ನು ಕಂಪ್ಯೂಟರ್‌ನಲ್ಲಿ ಎಕ್ಸೆಲ್‌ನಿಂದ ತೆರೆದು ನೋಡಿದರೆ ಕನ್ನಡದ ಹೆಸರುಗಳೆಲ್ಲ ಚಿತ್ರ ವಿಚಿತ್ರ ಅಕ್ಷರಗಳಾಗಿದ್ದವು. ಫೈಲ್ ಕೆಟ್ಟಿರಲಿಲ್ಲ. ಅದು ಯುಟಿಎಫ್-8 ಅಂತ ಎಕ್ಸೆಲ್‌ಗೆ ಗೊತ್ತಾಗಿರಲಿಲ್ಲ, ಅಷ್ಟೇ. ಫೈಲ್‌ನ ಶುರುವಿನಲ್ಲಿ ಒಂದು ಗುರುತು ಬರೆದರೆ ಸರಿಹೋಗುತ್ತದೆ:

```kotlin
contentResolver.openOutputStream(uri)?.use { out ->
    out.write("\uFEFF".toByteArray(Charsets.UTF_8))
    out.write(csv.toByteArray(Charsets.UTF_8))
}
```

ಇಲ್ಲಿ `uri` ಬರುವುದು `ACTION_CREATE_DOCUMENT` ಮೂಲಕ. ಎಲ್ಲಿ ಉಳಿಸಬೇಕು ಅಂತ ಬಳಕೆದಾರರೇ ಆರಿಸುತ್ತಾರೆ, ನೀವು ಯಾವ ಅನುಮತಿಯನ್ನೂ ಕೇಳಬೇಕಾಗಿಲ್ಲ.

ಆಮೇಲೆ ನಮ್ಮ ಬೀದಿಗೆ ಹಾಲು ಹಾಕುವ ಅಣ್ಣನ ಫೋನಿಗೆ ಈ ಆವೃತ್ತಿ ಹಾಕಿಕೊಟ್ಟು ಪಕ್ಕದಲ್ಲಿ ಕೂತೆ. ಅವರು ಗುಂಡಿ ಒತ್ತಿದರು. "ಉಳಿಸಲಾಗಿದೆ" ಅಂತ ಬಂತು. "ಎಲ್ಲೋಯ್ತು?" ಅಂದರು. ಡೌನ್‌ಲೋಡ್ಸ್ ಫೋಲ್ಡರ್ ತೋರಿಸಿದೆ. ಫೈಲ್ ಒತ್ತಿದರೆ ಅದನ್ನು ತೆರೆಯಲು ಆ ಫೋನಿನಲ್ಲಿ ಏನೂ ಇರಲಿಲ್ಲ. ನಾನು ಕೊಟ್ಟ ಸಿಎಸ್‌ವಿ ಅವರ ಪಾಲಿಗೆ ಬೀಗ ಹಾಕಿದ ಪೆಟ್ಟಿಗೆ.

ಅವರಿಗೆ ಬೇಕಾಗಿದ್ದು ತಿಂಗಳಿಗೊಂದು ಹಾಳೆ. ಮೇಲೆ ಮನೆಯ ಹೆಸರು, ಕೆಳಗೆ ತಾರೀಖು, ಲೀಟರ್, ಬಾಕಿ. ಹಾಗಾಗಿ ಪಿಡಿಎಫ್ ಮಾಡಿದೆ. ಉಳಿಸುವ ಗುಂಡಿಯ ಪಕ್ಕದಲ್ಲೇ "ವಾಟ್ಸಾಪ್‌ಗೆ ಕಳಿಸಿ" ಅಂತ ಇನ್ನೊಂದು ಗುಂಡಿ ಇಟ್ಟೆ. ಅವರು ಅದನ್ನು ಒತ್ತಿ ಮಗಳಿಗೆ ಕಳಿಸಿದರು. ಎರಡು ನಿಮಿಷದಲ್ಲಿ ಮಗಳ ಫೋನ್ ಬಂತು: "ಬಂತಪ್ಪ, ಚೆನ್ನಾಗಿ ಕಾಣ್ತಿದೆ." ಸಿಎಸ್‌ವಿ ಕೂಡ ಉಳಿಸಿಕೊಂಡೆ, ಬೇರೆ ಆ್ಯಪ್‌ಗೆ ಹೋಗುವವರಿಗೆ ಅದು ಬೇಕು. ಆದರೆ ಮೊದಲು ಕಾಣುವುದು ಪಿಡಿಎಫ್. ನಿಮ್ಮ ಬಳಕೆದಾರರು ಯಾರು ಅಂತ ನೋಡಿ ಇದನ್ನು ತೀರ್ಮಾನಿಸಿ. ಒಬ್ಬರ ಪಕ್ಕದಲ್ಲಾದರೂ ಕೂತು ನೋಡಿ.

ಒಂದು ಎಚ್ಚರಿಕೆ. ಮಾಹಿತಿ ಹೊರಗೆ ಕೊಡುವ ಸೌಲಭ್ಯ ಚಂದಾದಾರರಿಗೆ ಮಾತ್ರ ಅಂತ ಮುಂಚೆ ಬೀಗ ಹಾಕಿದ್ದರೆ ಅದನ್ನು ತೆಗೆಯಿರಿ. ನೀವೇ ಚಂದಾ ರದ್ದು ಮಾಡುತ್ತಿದ್ದೀರಿ. ಅವಧಿ ಮುಗಿದ ಮರುದಿನ ಆ ಬೀಗ ತಾನಾಗಿ ಬೀಳುತ್ತದೆ, ಬಾಗಿಲು ಬೇಕಾದ ಹೊತ್ತಿಗೆ ಮುಚ್ಚಿರುತ್ತದೆ.

ಸರ್ವರ್‌ನಲ್ಲಿರುವ ಪ್ರತಿಯ ಕಥೆ ಬೇರೆ. ಕೊನೆಯ ಆವೃತ್ತಿ ಮೊದಲ ಸಲ ತೆರೆದಾಗ ಸರ್ವರ್‌ನಲ್ಲಿರುವುದನ್ನೆಲ್ಲ ಫೋನಿಗೆ ಇಳಿಸಿಕೊಳ್ಳುವ ಹಾಗೆ ಮಾಡಿ. ಪೂರ್ತಿ ಇಳಿದ ಮೇಲೆ ಮಾತ್ರ "ನಿಮ್ಮ ಎಲ್ಲ ಲೆಕ್ಕ ಈಗ ಈ ಫೋನಿನಲ್ಲಿದೆ" ಅಂತ ತೋರಿಸಿ. ಎರಡು ಕಡೆಯ ದಾಖಲೆಗಳ ಎಣಿಕೆ ತಾಳೆಯಾದರೆ ಮಾತ್ರ ಆ ಸಾಲು ಬರುವ ಹಾಗೆ ಬರೆದಿದ್ದೆ. ಮೂರು ಜನರಿಗೆ ತಾಳೆಯಾಗಲಿಲ್ಲ, ಹಾಗಾಗಿ ಅವರನ್ನು ಮುಂಚೆಯೇ ಹುಡುಕಿ ಸರಿಮಾಡಲು ಆಯಿತು.

ಇನ್ನು ಸರ್ವರ್ ಇಲ್ಲದೆ ತೆರೆಯುವುದು. ಎಷ್ಟೋ ಆ್ಯಪ್‌ಗಳು ತೆರೆದ ಕೂಡಲೇ ಲಾಗಿನ್ ಸರಿ ಇದೆಯಾ ಅಂತ ಸರ್ವರ್ ಕೇಳುತ್ತವೆ. ಉತ್ತರ ಬರದಿದ್ದರೆ ಅಲ್ಲೇ ನಿಲ್ಲುತ್ತವೆ. ನನ್ನ ಮೊದಲ ಆ್ಯಪ್ ಸುತ್ತುತ್ತಲೇ ಇದ್ದುದು ಇದಕ್ಕೇ. ಕೊನೆಯ ಆವೃತ್ತಿಯಲ್ಲಿ ಆ ಪರೀಕ್ಷೆಯನ್ನೇ ತೆಗೆದುಬಿಡಿ. ಒಮ್ಮೆ ಲಾಗಿನ್ ಆದವರು ಒಳಗೇ ಇರಲಿ.

ಸೂಚನೆ ಬರೆಯುವಾಗ ತಾರೀಖು ಸ್ಪಷ್ಟವಾಗಿರಲಿ. "ಶೀಘ್ರದಲ್ಲೇ ಸೇವೆ ಸ್ಥಗಿತ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಾನು ಬರೆದದ್ದು ಹೀಗೆ: "ಮಾರ್ಚ್ 31ರ ನಂತರ ಸರ್ವರ್‌ನಲ್ಲಿ ನಿಮ್ಮ ಲೆಕ್ಕದ ಪ್ರತಿ ಇರುವುದಿಲ್ಲ. ಫೋನಿನಲ್ಲಿರುವ ಲೆಕ್ಕ ಹಾಗೇ ಇರುತ್ತದೆ. ಆ್ಯಪ್ ಅಳಿಸಬೇಡಿ, ಮೊದಲು ಈ ಗುಂಡಿ ಒತ್ತಿ ಲೆಕ್ಕ ಉಳಿಸಿಕೊಳ್ಳಿ." ಇದನ್ನು ಪರದೆ ಪೂರ್ತಿ ಮುಚ್ಚುವ ಹಾಗೆ ಹಾಕಬೇಡಿ. ಬೆಳಗಿನ ಐದು ಗಂಟೆಗೆ ಒಂದು ಕೈಯಲ್ಲಿ ಕ್ಯಾನ್ ಹಿಡಿದು ಲೀಟರ್ ಬರೆಯುವವರಿಗೆ ಅದು ಕಾಟ. ಪಟ್ಟಿಯ ಮೇಲ್ಗಡೆ ಒಂದು ಹಳದಿ ಸಾಲು, ಒತ್ತಿದರೆ ವಿವರ. ಅಷ್ಟು ಸಾಕು.

ಮೂರನೆಯದು: ಅಪ್‌ಡೇಟ್ ತಲುಪುವವರೆಗೆ ಕಾಯಿರಿ

ಅಪ್‌ಡೇಟ್ ಬಿಟ್ಟ ಮಾತ್ರಕ್ಕೆ ಎಲ್ಲರಿಗೂ ಸೇರುವುದಿಲ್ಲ. ಆಂಡ್ರಾಯ್ಡ್ ತಾನಾಗಿ ಅಪ್‌ಡೇಟ್ ಮಾಡುವುದು ಸಾಮಾನ್ಯವಾಗಿ ಫೋನ್ ವೈಫೈನಲ್ಲಿದ್ದಾಗ, ಚಾರ್ಜ್ ಆಗುತ್ತಿರುವಾಗ, ಯಾರೂ ಬಳಸದೆ ಸುಮ್ಮನಿದ್ದಾಗ. ಊರ ಕಡೆ ವೈಫೈ ಇಲ್ಲದ ಮನೆಗಳೇ ಜಾಸ್ತಿ. ಮೊಬೈಲ್ ಡೇಟಾದಲ್ಲೇ ಇರುವವರ ಫೋನಿನಲ್ಲಿ ಹಳೆಯ ಆವೃತ್ತಿ ತಿಂಗಳುಗಟ್ಟಲೆ ಕೂತಿರುತ್ತದೆ.

ಎಷ್ಟು ಜನ ಬದಲಾದರು ಅಂತ ಕನ್ಸೋಲ್‌ನ `Statistics` ಪುಟದಲ್ಲಿ ಆ್ಯಪ್ ಆವೃತ್ತಿಯ ಪ್ರಕಾರ ವಿಂಗಡಿಸಿ ನೋಡಬಹುದು. ನಿಮ್ಮ ಸರ್ವರ್‌ಗೆ ಬರುವ ಪ್ರತಿ ವಿನಂತಿಯಲ್ಲಿ ಆವೃತ್ತಿಯ ಸಂಖ್ಯೆ ಇದ್ದರೆ ಇನ್ನೂ ಒಳ್ಳೆಯದು, ಯಾರು ಹಿಂದೆ ಉಳಿದಿದ್ದಾರೆ ಅಂತ ಹೆಸರು ಸಮೇತ ಗೊತ್ತಾಗುತ್ತದೆ. ಹಿಂದೆ ಉಳಿದವರಿಗೆ ನಾನು ಪುಶ್ ಸಂದೇಶ ಕಳಿಸಿದೆ. ಒತ್ತಿದರೆ ನೇರ ಪ್ಲೇ ಸ್ಟೋರ್ ಪುಟ ತೆರೆಯುತ್ತಿತ್ತು. ಚಂದಾದಾರರಲ್ಲಿ ಉಳಿದ ನಾಲ್ವರಿಗೆ ಫೋನ್ ಮಾಡಿದೆ.

ಆಮೇಲೆ ಒಂದು ಒಣ ಪರೀಕ್ಷೆ ಮಾಡಿದೆ. ಇದನ್ನು ದಯವಿಟ್ಟು ಬಿಡಬೇಡಿ. ಹಾಲಿನ ಕೆಲಸ ಬೆಳಿಗ್ಗೆ ಮತ್ತು ಸಂಜೆ. ಹಾಗಾಗಿ ಮಧ್ಯಾಹ್ನ 12ರಿಂದ 1ರವರೆಗೆ ಒಂದು ಗಂಟೆ ಸರ್ವರ್ ನಿಲ್ಲಿಸಿದೆ. ನನ್ನ ಬಳಿ ಎರಡು ಫೋನ್ ಇದ್ದವು, ಒಂದರಲ್ಲಿ ಕೊನೆಯ ಆವೃತ್ತಿ, ಇನ್ನೊಂದರಲ್ಲಿ ಹಳೆಯದು. ಕೊನೆಯ ಆವೃತ್ತಿ ಸರಿಯಾಗಿ ತೆರೆಯಿತು, ಆದರೆ ಹೊಸ ಮನೆ ಸೇರಿಸಲು ಹೋದಾಗ ನಿಂತಿತು. ಮನೆಗೆ ಕೊಡುವ ಸಂಖ್ಯೆಯನ್ನು ಸರ್ವರ್ ಹುಟ್ಟಿಸುತ್ತಿತ್ತು, ಅದು ನನಗೆ ಮರೆತೇ ಹೋಗಿತ್ತು. ಸರ್ವರ್ ಶುರು ಮಾಡಿ, ಸಂಖ್ಯೆ ಫೋನಿನಲ್ಲೇ ಹುಟ್ಟುವ ಹಾಗೆ ಬದಲಿಸಿ, ಇನ್ನೊಂದು ಅಪ್‌ಡೇಟ್ ಬಿಟ್ಟೆ. ಆ ಒಂದು ಗಂಟೆ ಇಲ್ಲದಿದ್ದರೆ ಇದು ಏಪ್ರಿಲ್ 1ರ ಬೆಳಿಗ್ಗೆ ಎಲ್ಲರಿಗೂ ಒಟ್ಟಿಗೇ ಗೊತ್ತಾಗುತ್ತಿತ್ತು.

ನಾಲ್ಕನೆಯದು: ಗುಂಡಿ ಒತ್ತುವುದು

ಈಗ ಎರಡು ನಿಮಿಷದ ಕೆಲಸ. ಪ್ಲೇ ಕನ್ಸೋಲ್‌ನಲ್ಲಿ ನಿಮ್ಮ ಆ್ಯಪ್ ತೆರೆಯಿರಿ. ಎಡಗಡೆ `Test and release` ಅಡಿಯಲ್ಲಿ `Advanced settings` ಇದೆ. ಅದರೊಳಗೆ `App availability` ಟ್ಯಾಬ್. ಅಲ್ಲಿ `Unpublish` ಆರಿಸಿ ಖಚಿತಪಡಿಸಿ. ಮೆನುವಿನ ಜಾಗವನ್ನು ಗೂಗಲ್ ಆಗಾಗ ಬದಲಿಸುತ್ತದೆ. ಸಿಗದಿದ್ದರೆ ಕನ್ಸೋಲ್‌ನ ಹುಡುಕುವ ಜಾಗದಲ್ಲಿ `Advanced settings` ಅಂತ ಬರೆಯಿರಿ.

ಆಯ್ಕೆ ಒತ್ತಲು ಬಿಡದಿದ್ದರೆ ಕಾರಣ ಮೂರರಲ್ಲಿ ಒಂದಿರುತ್ತದೆ. ಗೂಗಲ್‌ನ ಹೊಸ ಡೆವಲಪರ್ ಒಪ್ಪಂದವನ್ನು ನೀವು ಇನ್ನೂ ಒಪ್ಪಿಲ್ಲದಿರಬಹುದು. ವಯಸ್ಸಿನ ಶ್ರೇಣಿ ಅಥವಾ ಯಾವ ವಯಸ್ಸಿನವರಿಗೆ ಎಂಬಂಥ ಯಾವುದೋ ಫಾರಂ ತುಂಬದೆ ಉಳಿದಿರಬಹುದು. ಮುಚ್ಚುವ ಅಂಗಡಿಗೆ ಫಾರಂ ಯಾಕೆ ಅನ್ನಿಸುತ್ತದೆ, ಆದರೂ ತುಂಬಲೇಬೇಕು. ಮೂರನೆಯದು, `Managed publishing` ಚಾಲೂ ಇರುವುದು. ಅದನ್ನು `Publishing overview` ಪುಟದಲ್ಲಿ ಆಫ್ ಮಾಡಬೇಕು. ಆಫ್ ಮಾಡುವ ಮುನ್ನ ಅಲ್ಲಿ ಒಪ್ಪಿಗೆ ಸಿಕ್ಕು ಕಾಯುತ್ತಿರುವ ಬದಲಾವಣೆ ಏನಾದರೂ ಇದೆಯಾ ನೋಡಿ. ಇದ್ದರೆ ಆಫ್ ಮಾಡಿದ ಕೂಡಲೇ ಅವು ಹೊರಗೆ ಹೋಗುತ್ತವೆ. ಅರ್ಧ ಮಾಡಿಟ್ಟ ಆವೃತ್ತಿಯೊಂದು ಹೀಗೆ ಜನರ ಕೈ ಸೇರಿದರೆ ನಿಮ್ಮ ಕೊನೆಯ ಆವೃತ್ತಿಯ ಶ್ರಮ ಹಾಳು.

ಒತ್ತಿದ ಮೇಲೆ ಪರಿಣಾಮ ಎಲ್ಲ ಕಡೆ ಕಾಣಲು ಕೆಲವು ಗಂಟೆ ಬೇಕಾಗಬಹುದು. ಸರಿಯಾಯಿತಾ ಅಂತ ನೋಡಲು ಎರಡು ಕಡೆ ಪರೀಕ್ಷಿಸಿ. ಮೊದಲು ಬ್ರೌಸರ್‌ನಲ್ಲಿ ಲಾಗಿನ್ ಆಗದೆ ಆ್ಯಪ್‌ನ ಲಿಂಕ್ ತೆರೆಯಿರಿ. ಪುಟ ಸಿಗಲಿಲ್ಲ ಎಂಬ ಸಂದೇಶ ಬರಬೇಕು. ಆಮೇಲೆ ಆ್ಯಪ್ ಮುಂಚೆ ಹಾಕಿಕೊಂಡಿದ್ದ ಖಾತೆ ಇರುವ ಫೋನ್ ತೆಗೆದುಕೊಳ್ಳಿ. ಅದರಲ್ಲಿ ನಿಮ್ಮ ಲೆಕ್ಕ ಉಳಿಸಿಕೊಂಡು, ಆ್ಯಪ್ ಅಳಿಸಿ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರ ಒತ್ತಿ, `Manage apps & device`, ಅಲ್ಲಿಂದ `Manage`, ಪಟ್ಟಿಯನ್ನು `Not installed` ಗೆ ಬದಲಿಸಿ. ಅಲ್ಲಿಂದ ಮತ್ತೆ ಹಾಕಿಕೊಳ್ಳಿ. ನಿಮ್ಮದೇ ಫೋನ್ ನೋಡಿ "ಇನ್ನೂ ಕಾಣ್ತಿದೆಯಲ್ಲ, ಆಗಲಿಲ್ಲ" ಅಂದುಕೊಳ್ಳುವುದು ಸಾಮಾನ್ಯ ತಪ್ಪು. ನೀವೂ ಹಳೆಯ ಬಳಕೆದಾರರೇ, ನಿಮಗೆ ಕಾಣುತ್ತದೆ.

ಬಳಕೆದಾರರು ಕೇಳುವ ಪ್ರಶ್ನೆಗಳು

ನನಗೆ ಜಾಸ್ತಿ ಬಂದ ಪ್ರಶ್ನೆ ಹೊಸ ಫೋನಿನದು. ಅದೇ ಗೂಗಲ್ ಖಾತೆ ಹಾಕಿದರೆ ಆ್ಯಪ್ ಸಿಗುತ್ತದೆ, ಹೊಸ ಖಾತೆ ಮಾಡಿಕೊಂಡರೆ ಸಿಗುವುದಿಲ್ಲ. ಫೋನ್ ಅಂಗಡಿಯವರು ಹೊಸ ಫೋನ್ ಕೊಡುವಾಗ ಹೊಸ ಜಿಮೇಲ್ ಮಾಡಿಕೊಡುವ ರೂಢಿ ಇದೆ. ಅಲ್ಲೇ ಕೊಂಡಿ ಕಡಿದುಹೋಗುತ್ತದೆ. "ಹಳೆಯ ಜಿಮೇಲ್ ಹಾಕಿಸಿಕೊಳ್ಳಿ" ಎಂಬ ಒಂದು ಸಾಲನ್ನು ನಿಮ್ಮ ಸೂಚನೆಯಲ್ಲಿ ಸೇರಿಸಿ.

ಆ್ಯಪ್ ಸಿಕ್ಕಿತು ಸರಿ, ಲೆಕ್ಕ ಸಿಗುತ್ತದಾ? ಆ್ಯಪ್ ಅಳಿಸಿದರೆ ಫೋನಿನಲ್ಲಿದ್ದ ಅದರ ಮಾಹಿತಿಯೂ ಅಳಿಯುತ್ತದೆ. ಆಂಡ್ರಾಯ್ಡ್‌ನ ಸ್ವಯಂ ಬ್ಯಾಕಪ್ ಚಾಲೂ ಇದ್ದು, ನಿಮ್ಮ ಆ್ಯಪ್‌ನಲ್ಲಿ `android:allowBackup` ಅನ್ನು `false` ಮಾಡಿರದಿದ್ದರೆ, ಬಳಕೆದಾರರ ಗೂಗಲ್ ಡ್ರೈವ್‌ನಲ್ಲಿ ಒಂದು ಪ್ರತಿ ಇರುತ್ತದೆ. ಮತ್ತೆ ಹಾಕಿಕೊಂಡಾಗ ಅದು ವಾಪಸ್ ಬರುತ್ತದೆ. ಒಂದು ಆ್ಯಪ್‌ಗೆ ಸಿಗುವ ಜಾಗ 25 ಎಂಬಿ, ಅದನ್ನು ಮೀರಿದರೆ ಬ್ಯಾಕಪ್ ಆಗುವುದಿಲ್ಲ. ಲೀಟರ್ ಲೆಕ್ಕಕ್ಕೆ ಅದು ಧಾರಾಳ, ಫೋಟೊ ಇಟ್ಟುಕೊಳ್ಳುವ ಆ್ಯಪ್‌ಗೆ ಸಾಲದು. ಇದನ್ನು ನಂಬಿ ಕೂರುವುದು ಬೇಡ. ಪಿಡಿಎಫ್ ಕೈಯಲ್ಲಿರುವುದೇ ಗಟ್ಟಿ.

"ಎಷ್ಟು ದಿನ ನಡೆಯುತ್ತದೆ?" ಅಂತಲೂ ಕೇಳುತ್ತಾರೆ. ಸರ್ವರ್ ಬೇಡದ ಆ್ಯಪ್ ವರ್ಷಗಳ ಕಾಲ ನಡೆಯಬಹುದು. ಆದರೆ ಮುಂದೆ ಬರುವ ಆಂಡ್ರಾಯ್ಡ್‌ನಲ್ಲಿ ಏನೋ ಒಂದು ಮುರಿಯಬಹುದು, ಆಗ ಸರಿಮಾಡುವವರು ಇರುವುದಿಲ್ಲ. ಇದನ್ನು ಮುಚ್ಚಿಡದೆ ಹೇಳಿ.

ಕೊನೆಗೆ: ಸರ್ವರ್, ಮಾಹಿತಿ, ಡೊಮೇನ್

ಸರ್ವರ್ ನಿಲ್ಲಿಸುವ ದಿನ ಅದನ್ನು ಸುಮ್ನೆ ಆಫ್ ಮಾಡಿಬಿಡಬೇಡಿ. ಮೊದಲು ಎಲ್ಲ ವಿಳಾಸಗಳಿಗೂ `410 Gone` ಎಂಬ ಉತ್ತರ ಬರುವ ಹಾಗೆ ಮಾಡಿ ಕೆಲವು ವಾರ ಬಿಡಿ. ಕೊನೆಯ ಆವೃತ್ತಿಗೆ ಆ ಉತ್ತರದ ಅರ್ಥ ಗೊತ್ತಿದ್ದರೆ, ನೆಟ್ ಇಲ್ಲ ಅಂತ ಮತ್ತೆ ಮತ್ತೆ ಪ್ರಯತ್ನಿಸದೆ "ಸೇವೆ ನಿಂತಿದೆ, ಲೆಕ್ಕ ನಿಮ್ಮ ಫೋನಿನಲ್ಲೇ ಇದೆ" ಅಂತ ತೋರಿಸುತ್ತದೆ. ಆ ವಾರಗಳಲ್ಲಿ ಯಾರ ಹಳೆಯ ಆವೃತ್ತಿ ಇನ್ನೂ ಬಾಗಿಲು ತಟ್ಟುತ್ತಿದೆ ಅಂತ ಲಾಗ್‌ನಲ್ಲಿ ಕಾಣುತ್ತದೆ.

ಆಮೇಲೆ ಮಾಹಿತಿ ಅಳಿಸಿ. ಹಾಲು ಕೊಳ್ಳುವ ಮನೆಗಳ ಹೆಸರು, ಫೋನ್ ನಂಬರ್, ಯಾರು ಯಾವಾಗ ಊರಲ್ಲಿರುವುದಿಲ್ಲ ಎಂಬುದು ಸಣ್ಣ ಮಾಹಿತಿಯಲ್ಲ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ ಕೂಡ ಉದ್ದೇಶ ಮುಗಿದ ಮಾಹಿತಿಯನ್ನು ಅಳಿಸಬೇಕು ಅನ್ನುತ್ತದೆ. ಬ್ಯಾಕಪ್ ಪ್ರತಿಗಳನ್ನು ಮರೆಯಬೇಡಿ. ನನ್ನ ಮುಖ್ಯ ಡೇಟಾಬೇಸ್ ಅಳಿಸಿದ ಮೇಲೂ ವಾರಕ್ಕೊಮ್ಮೆ ತೆಗೆದ ಪ್ರತಿಗಳು ಬೇರೊಂದು ಜಾಗದಲ್ಲಿ ಸಾಲಾಗಿ ಕೂತಿದ್ದವು.

ಡೊಮೇನ್ ವಿಷಯಕ್ಕೆ ಬಂದರೆ, ಅದನ್ನು ಬಿಟ್ಟುಕೊಡಲು ಅವಸರ ಬೇಡ. ಹಳೆಯ ಆವೃತ್ತಿಗಳು ಇನ್ನೂ ಆ ವಿಳಾಸಕ್ಕೇ ಮಾತಾಡುತ್ತಿರುತ್ತವೆ. ನೀವು ನವೀಕರಿಸದೆ ಬಿಟ್ಟು ಬೇರೆ ಯಾರೋ ಕೊಂಡರೆ, ಆ ಫೋನುಗಳು ತಮ್ಮ ಲಾಗಿನ್ ಟೋಕನ್, ಹೊಸ ಲೆಕ್ಕ ಎಲ್ಲವನ್ನೂ ಅಪರಿಚಿತರ ಸರ್ವರ್‌ಗೆ ಕಳಿಸಬಹುದು. ಲಾಗ್‌ನಲ್ಲಿ ತಟ್ಟುವವರು ಪೂರ್ತಿ ನಿಲ್ಲುವವರೆಗೆ ಡೊಮೇನ್ ಇಟ್ಟುಕೊಳ್ಳಿ. ನಿಮ್ಮ ಗೋಪ್ಯತಾ ನೀತಿಯ ಪುಟವೂ ಅಲ್ಲೇ ಇರುತ್ತದೆ, ಅದೂ ಉಳಿಯುತ್ತದೆ.

ಆಪಲ್ ಆ್ಯಪ್ ಸ್ಟೋರ್‌ನಲ್ಲಿ ಇದೇ ಕೆಲಸವನ್ನು ಆ್ಯಪ್ ಸ್ಟೋರ್ ಕನೆಕ್ಟ್‌ನ `Pricing and Availability` ಪುಟದಲ್ಲಿ ಮಾಡುತ್ತಾರೆ. ಅಲ್ಲಿಯೂ ಹಾಕಿಕೊಂಡವರ ಫೋನಿನಲ್ಲಿ ಆ್ಯಪ್ ಉಳಿಯುತ್ತದೆ. ಒಂದು ವ್ಯತ್ಯಾಸ ಗೊತ್ತಿರಲಿ. ಗೂಗಲ್‌ಗೆ ಒಂದೇ ಸಲ 25 ಡಾಲರ್ ಕಟ್ಟಿದರೆ ಆಯಿತು. ಆಪಲ್‌ಗೆ ಪ್ರತಿ ವರ್ಷ 99 ಡಾಲರ್ ಕಟ್ಟಬೇಕು. ಕಟ್ಟುವುದು ಬಿಟ್ಟರೆ ನೀವು ಏನೂ ಒತ್ತದೆಯೇ ಆ್ಯಪ್ ಸ್ಟೋರ್‌ನಿಂದ ಹೋಗುತ್ತದೆ, ಬೀಳ್ಕೊಡುವ ಅಪ್‌ಡೇಟ್‌ಗೂ ಅವಕಾಶ ಉಳಿಯುವುದಿಲ್ಲ. ಹಾಗಾಗಿ ಅಲ್ಲಿ ಸದಸ್ಯತ್ವ ಮುಗಿಯುವ ತಾರೀಖಿನಿಂದ ಹಿಂದಕ್ಕೆ ಎಣಿಸಿ ಕೆಲಸ ಶುರು ಮಾಡಿ.

ಸಹಿ ಮಾಡುವ ಕೀಲಿಯ ಫೈಲ್, ಅದರ ಪಾಸ್‌ವರ್ಡ್, ಕೊನೆಯ ಆವೃತ್ತಿಯ ಕೋಡ್, ಈ ಮೂರನ್ನೂ ಒಂದೇ ಜಾಗದಲ್ಲಿ ಭದ್ರವಾಗಿ ಇಟ್ಟಿದ್ದೇನೆ. ಏನಾದರೂ ದೊಡ್ಡ ತೊಂದರೆ ಕಂಡರೆ ಈಗಲೂ ಆ ಫೋನುಗಳಿಗೆ ಒಂದು ಅಪ್‌ಡೇಟ್ ಕಳಿಸಬಹುದು. ನಮ್ಮ ಬೀದಿಯ ಅಣ್ಣ ಇವತ್ತಿಗೂ ಅದರಲ್ಲೇ ಬರೆಯುತ್ತಾರೆ. ಪ್ರತಿ ತಿಂಗಳ ಒಂದನೇ ತಾರೀಖು ಮಗಳ ವಾಟ್ಸಾಪ್‌ಗೆ ಒಂದು ಪಿಡಿಎಫ್ ಹೋಗುತ್ತದೆ.